ಕಪ್ಪು ಕುದುರೆ ಮೇಲಿನ ಸಹೋದ್ಯೋಗಿ

ಪ್ರಶ್ನೆ ಇಟ್ಟು ಚಿತ್ರದ ಕಾರ್ಡ್ ಹಾಕಿ ಓದುವ ಟ್ಯಾರೋ ಕಲಿಯುವವರು ಜಾಸ್ತಿ ತಡವರಿಸುವುದು ರಾಜಾಸ್ಥಾನದವರ ಚಿತ್ರವಿರುವ ಕೋರ್ಟ್ ಕಾರ್ಡುಗಳ ಹತ್ತಿರ. ಒಟ್ಟು 78 ಕಾರ್ಡುಗಳಲ್ಲಿ ಅವು 16. ಕೋಲಿನ ವಾಂಡ್ಸ್, ಬಟ್ಟಲಿನ ಕಪ್ಸ್, ಕತ್ತಿಯ ಸ್ವೋರ್ಡ್ಸ್, ನಾಣ್ಯದ ಪೆಂಟಕಲ್ಸ್ ಎಂಬ ನಾಲ್ಕು ಗುಂಪಿಗೂ ಒಬ್ಬ ಪೇಜ್ ಅಂದರೆ ಆಸ್ಥಾನದ ಹುಡುಗ, ಒಬ್ಬ ನೈಟ್ ಅಂದರೆ ಕುದುರೆ ಸವಾರ, ಒಬ್ಬಳು ಕ್ವೀನ್, ಒಬ್ಬ ಕಿಂಗ್. ನಾನೂ ಹಲವು ವರ್ಷ ಅಲ್ಲೇ ಎಡವಿದೆ. ಆಫೀಸಿನ ಪ್ರಶ್ನೆ ಬಂದು ಕೋರ್ಟ್ ಕಾರ್ಡ್ ಬಿತ್ತೆಂದರೆ, ಇದು ಯಾರು ಅಂತ ಮುಖ ಹುಡುಕಲು ಶುರು ಮಾಡುತ್ತಿದ್ದೆ. ನನ್ನದೇ ಒಂದು ರೀಡಿಂಗ್ ಆ ಅಭ್ಯಾಸ ಬಿಡಿಸಿತು.

ನಮ್ಮ ತಂಡದಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ನಾನು ಕೊಟ್ಟ ಪ್ರತಿ ವರದಿಯೂ ಅವರ ಮೇಜಿನಿಂದ ಕೆಂಪು ಗುರುತು ಹೊತ್ತು ವಾಪಸ್ ಬರುತ್ತಿತ್ತು. ಒಂದೊಂದಕ್ಕೆ ಮೂರ್ನಾಲ್ಕು ದಿನ ಹಿಡಿಯುತ್ತಿತ್ತು. ನನ್ನನ್ನು ಕೆಳಗೆ ಹಾಕಲಿಕ್ಕೇ ಹೀಗೆ ಮಾಡುತ್ತಾರೆ ಅಂತ ನಾನು ನಂಬಿಬಿಟ್ಟಿದ್ದೆ.

ಕಾರ್ಡ್ ಹಾಕುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದೆ. ನಡೆದ ಮೂರು ಘಟನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ನನ್ನ ಅಭಿಪ್ರಾಯ ಸೇರಿಸಲಿಲ್ಲ. ಯಾವ ದಿನ, ಯಾವ ಕೆಲಸ, ಅವರು ಏನು ಹೇಳಿದರು, ಅಷ್ಟೇ. ಅವರ ಮನಸ್ಸಿನಲ್ಲಿ ಏನಿದೆ ಅಂತ ನಾನು ಕಾರ್ಡುಗಳನ್ನು ಕೇಳುವುದಿಲ್ಲ. ಅದನ್ನು ತಾಳೆ ನೋಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಾಲ್ಕು ಜಾಗ ಇಟ್ಟುಕೊಂಡೆ: ಇಬ್ಬರ ಮಧ್ಯೆ ನಡೆಯುತ್ತಿರುವುದು, ನಾನು ಜೊತೆಗೆ ತರುತ್ತಿರುವುದು, ಅವರ ಕಡೆ ಇರುವುದು, ನಾನು ಮಾಡಬಹುದಾದದ್ದು.

ಬಿದ್ದದ್ದು ಹೀಗೆ. ಫೈವ್ ಆಫ್ ವಾಂಡ್ಸ್, ಕ್ವೀನ್ ಆಫ್ ಸ್ವೋರ್ಡ್ಸ್, ನೈಟ್ ಆಫ್ ಪೆಂಟಕಲ್ಸ್, ಪೇಜ್ ಆಫ್ ಪೆಂಟಕಲ್ಸ್. ನಾಲ್ಕರಲ್ಲಿ ಮೂರು ಕೋರ್ಟ್ ಕಾರ್ಡ್!

ಮೊದಲ ಕಾರ್ಡಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಐದು ಹುಡುಗರು ಕೋಲು ಎತ್ತಿ ಗುದ್ದಾಡುತ್ತಿದ್ದಾರೆ, ಯಾರಿಗೂ ಪೆಟ್ಟು ಬಿದ್ದ ಹಾಗೆ ಕಾಣುವುದಿಲ್ಲ. ಹಳೆಯ ನಾನಾಗಿದ್ದರೆ ಉಳಿದ ಮೂರನ್ನು ಮೂರು ಜನ ಮಾಡುತ್ತಿದ್ದೆ. ಕ್ವೀನ್ ಅಂದರೆ ಮೇಲಧಿಕಾರಿ ಹೆಂಗಸು, ನೈಟ್ ಅಂದರೆ ಅವರು, ಪೇಜ್ ಅಂದರೆ ಹೊಸದಾಗಿ ಸೇರಿದ ಹುಡುಗ. ಆಫೀಸಿನಲ್ಲಿ ಇಲ್ಲದ ಒಂದು ಗುಂಪುಗಾರಿಕೆ ಅಲ್ಲೇ ಹುಟ್ಟಿಬಿಡುತ್ತಿತ್ತು. ವಯಸ್ಸು, ಕೂದಲ ಬಣ್ಣ, ಗಂಡೋ ಹೆಣ್ಣೋ ಅಂತ ನೋಡಿ ಕೋರ್ಟ್ ಕಾರ್ಡನ್ನು ವ್ಯಕ್ತಿಗೆ ಹೊಂದಿಸುವ ಹಳೆಯ ಪದ್ಧತಿ ಇದೆ. ಆಫೀಸಿನ ಪ್ರಶ್ನೆಗೆ ಅದು ಬಹಳ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರ್ಡ್ ಯಾವ ಜಾಗದಲ್ಲಿ ಬಿದ್ದಿದೆಯೋ ಅದು ಆ ಜಾಗದವರದು. ಕ್ವೀನ್ ನನ್ನ ಜಾಗದಲ್ಲಿದ್ದಳು, ಹಾಗಾಗಿ ಅವಳು ನನ್ನವಳು. ನಾನು ಗಂಡಸಾಗಿರುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನು ನೈಟ್. 1909ರಲ್ಲಿ ಬಂದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಡೆಕ್ ನನ್ನ ಹತ್ತಿರ ಇರುವುದು. ಅದರಲ್ಲಿ ಉಳಿದ ಮೂವರು ನೈಟ್‌ಗಳ ಕುದುರೆಗಳು ಒಂದಲ್ಲ ಒಂದು ರೀತಿ ಮುಂದಕ್ಕೆ ಹೊರಟಿವೆ. ಪೆಂಟಕಲ್ಸ್ ನೈಟ್‌ನ ಕಪ್ಪು ಕುದುರೆ ಮಾತ್ರ ನಿಂತೇ ಇದೆ. ಹಿಂದೆ ಉತ್ತ ಹೊಲ. ಅವನ ಕೈಯಲ್ಲಿ ಒಂದೇ ಒಂದು ನಾಣ್ಯ.

ಈ ಕಾರ್ಡಿಗೆ ಮೂರು ವಾಕ್ಯ ಬರೆದೆ. ವ್ಯಕ್ತಿಯಾಗಿ: ಅವರು ಸ್ವಭಾವದಲ್ಲೇ ನಿಧಾನ, ಹಠಮಾರಿ. ಮನಸ್ಥಿತಿಯಾಗಿ: ಸದ್ಯ ಅವರಿಗೆ ಯಾವುದೋ ಭಾರ, ಕಾಲು ಮುಂದೆ ಬರುತ್ತಿಲ್ಲ. ಪಾತ್ರವಾಗಿ: ಏನೂ ತಪ್ಪಾಗದ ಹಾಗೆ ಕಾಯುವುದು ಅವರ ಪಾಲಿನ ಕೆಲಸ. ಆಮೇಲೆ ಮೂರನ್ನೂ ಆ ಘಟನೆಗಳ ಪಕ್ಕ ಇಟ್ಟು ನೋಡಿದೆ.

ಸ್ವಭಾವವಾದರೆ ಎಲ್ಲೆಲ್ಲೂ ಕಾಣಬೇಕು. ಎಲ್ಲರ ಜೊತೆ, ಎಲ್ಲ ಕೆಲಸದಲ್ಲಿ, ಊಟದ ಹೊತ್ತಿನಲ್ಲೂ. ಮನಸ್ಥಿತಿಗೆ ಒಂದು ಶುರು ಇರುತ್ತದೆ. ಹೋದ ತಿಂಗಳಿಂದ, ಆ ಮೀಟಿಂಗ್ ಆದ ಮೇಲೆ ಅಂತ ಹೇಳಲು ಬರುತ್ತದೆ, ಮತ್ತೆ ಅದು ಏರಿಳಿಯುತ್ತದೆ. ಪಾತ್ರ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಬದಲಾದರೆ ಆ ಮನುಷ್ಯನೇ ಬೇರೆ ಥರ ಕಾಣುತ್ತಾನೆ.

ನೋಟ್‌ಬುಕ್ಕಿನಲ್ಲಿದ್ದ ಮೂರೂ ಘಟನೆ ಅವರ ಸಹಿ ಬೀಳಬೇಕಾದ ವರದಿಗಳವು. ಸಹಿ ಬೇಡದ ಕೆಲಸದಲ್ಲಿ ಏನಾಗಿತ್ತು ಅಂತ ನೆನೆದೆ. ಅಲ್ಲಿ ಅವರು ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದರು, ನಗುತ್ತಿದ್ದರು ಕೂಡ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂದರೆ ಈ ನೈಟ್ ಪಾತ್ರ. ಸುಮ್ನೆ ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಯಾಕೆಂದರೆ ಅವರು ಕೆಟ್ಟವರು ಅನ್ನುವುದು ಅಷ್ಟು ದಿನ ನನಗೆ ಆಸರೆಯಾಗಿತ್ತು.

ಕ್ವೀನ್‌ಗೂ ಇದೇ ಪರೀಕ್ಷೆ. ನಾನು ಬೇರೆ ಯಾರ ಜೊತೆಗೂ ಚೂಪಾಗಿ ಮಾತಾಡುವವನಲ್ಲ, ಹಾಗಾಗಿ ಸ್ವಭಾವವಲ್ಲ. ಅವರ ಜೊತೆ ಅದು ಎರಡನೇ ವರದಿ ವಾಪಸ್ ಬಂದ ದಿನದಿಂದ ಶುರುವಾಗಿತ್ತು, ಹಾಗಾಗಿ ಮನಸ್ಥಿತಿ. ಚಿತ್ರದಲ್ಲಿ ಅವಳ ಒಂದು ಕೈಯಲ್ಲಿ ನೆಟ್ಟಗೆ ಹಿಡಿದ ಕತ್ತಿ, ಇನ್ನೊಂದು ಕೈ ಮುಂದೆ ಚಾಚಿದೆ. ನಾನು ಅವರ ಮೇಜಿಗೆ ಹೋಗುವಾಗ ಕತ್ತಿ ಮಾತ್ರ ಒಯ್ಯುತ್ತಿದ್ದೆ. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಸಾಲಿನಲ್ಲಿ ಕ್ವೀನ್ ಬಲಕ್ಕೆ, ನೈಟ್ ಕಡೆಗೇ ನೋಡುತ್ತಿದ್ದಳು. ನೈಟ್ ಮುಖವೂ ಬಲಕ್ಕೇ ಇತ್ತು. ಅವನು ಅವಳನ್ನು ನೋಡುತ್ತಲೇ ಇಲ್ಲ! ನನ್ನ ಜಗಳ ಪೂರ್ತಿ ನನ್ನ ಕಡೆಯಿಂದಲೇ ನಡೆದಿತ್ತು.

ಸ್ವೋರ್ಡ್ಸ್ ಗಾಳಿ, ಪೆಂಟಕಲ್ಸ್ ಮಣ್ಣು. ಇವೆರಡು ಒಂದಕ್ಕೊಂದು ಹೊಂದುವುದಿಲ್ಲ ಅನ್ನುತ್ತಾರೆ. ಗಾಳಿ ಎಂದರೆ ಮಾತು, ವಾದ. ಅವರಿಗೆ ಬೇಕಾಗಿದ್ದದ್ದು ಲೆಕ್ಕ, ದಾಖಲೆ, ಕಾಗದ. ನಾಲ್ಕನೇ ಜಾಗದ ಪೇಜ್ ಕೂಡ ಪೆಂಟಕಲ್ಸ್‌ನವನೇ. ಎರಡೂ ಕೈಯಲ್ಲಿ ಒಂದು ನಾಣ್ಯ ಎತ್ತಿ ಹಿಡಿದು ಅದನ್ನೇ ನೋಡುತ್ತಾನೆ. ಸಲಹೆಯ ಜಾಗದಲ್ಲಿ ಬಿದ್ದ ಕೋರ್ಟ್ ಕಾರ್ಡನ್ನು ನಾನು ಸ್ವಲ್ಪ ಹೊತ್ತಿಗೆ ಹೊತ್ತುಕೊಳ್ಳಬೇಕಾದ ಪಾತ್ರ ಅಂತಲೇ ಓದುತ್ತೇನೆ. ಅಂದರೆ ಕ್ವೀನ್ ಕೂಡ ನಾನೇ, ಪೇಜ್ ಕೂಡ ನಾನೇ. ಕಲಿಯುವವನಾಗಿ ಹೋಗು, ಒಂದೇ ವಿಷಯ ಹಿಡಿದು ಹೋಗು, ಅವರ ಮಣ್ಣಿನ ಭಾಷೆಯಲ್ಲಿ ಹೋಗು.

ಮುಂದಿನ ವರದಿ ಬರೆಯುವ ಮೊದಲೇ ಹೋದೆ. ಒಂದು ಪುಟ ಮಾತ್ರ ಒಯ್ದೆ. "ಸರ್, ಇದರಲ್ಲಿ ನೀವು ಮೊದಲು ಏನು ನೋಡುತ್ತೀರಿ, ಸ್ವಲ್ಪ ಹೇಳಿಕೊಡಿ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಅಂಕಿ ಎಲ್ಲಿಂದ ಬಂತು ಅನ್ನೋದು ಪಕ್ಕದಲ್ಲೇ ಇರಬೇಕು. ಹಿಂದೆ ಒಮ್ಮೆ ಬೇರೆಯವರ ಅಂಕಿ ತಪ್ಪಿ, ನನ್ನ ಸಹಿ ಇತ್ತು ಅಂತ ನಾನು ಉತ್ತರ ಕೊಡಬೇಕಾಯ್ತು" ಅಂದರು. ಆ ವರದಿಯಲ್ಲಿ ಎರಡೇ ಕೆಂಪು ಗುರುತು ಇದ್ದವು, ಮರುದಿನವೇ ವಾಪಸ್ ಬಂತು. ನಾವು ಗೆಳೆಯರೇನೂ ಆಗಲಿಲ್ಲ.

ಈ ಓದು ಎಲ್ಲ ಕಡೆ ನಡೆಯುವುದಿಲ್ಲ. ಬೈಗುಳ, ಬೆದರಿಕೆ, ಮೈ ಮೇಲೆ ಏರಿ ಬರುವುದು ನಡೆಯುತ್ತಿದ್ದರೆ ಅದು ಪಾತ್ರವೋ ಮನಸ್ಥಿತಿಯೋ ಅಂತ ಕೂತು ನೋಡುವ ವಿಷಯವೇ ಅಲ್ಲ. ಅಂಥದ್ದನ್ನು ಅನುಭವಿಸುತ್ತಿರುವವರು ಕೇಳಲು ಬಂದರೆ ನಾನು ಕಾರ್ಡ್ ತೆಗೆಯುವುದಿಲ್ಲ, ದೂರು ಕೊಡಿ ಅನ್ನುತ್ತೇನೆ. ಇನ್ನು ಮೂರು ವಾಕ್ಯಗಳಲ್ಲಿ ಯಾವುದೂ ಹೊಂದದಿದ್ದಾಗ ಇನ್ನೊಂದು ಕಾರ್ಡ್ ಎಳೆಯಬೇಕು ಅನ್ನಿಸುತ್ತದೆ, ಅಲ್ವಾ? ಎಳೆಯಬೇಡಿ. ಅದೂ ಕೋರ್ಟ್ ಕಾರ್ಡ್ ಆದರೆ ಗೊಂದಲ ದುಪ್ಪಟ್ಟಾಗುತ್ತದೆ. ಬರೆದಿಟ್ಟ ಘಟನೆಗಳು ಕಮ್ಮಿಯಾಗಿವೆ ಅಂತ ಅರ್ಥ. ಒಂದು ವಾರ ನೋಡಿ, ಇನ್ನಷ್ಟು ಬರೆದುಕೊಂಡು, ಅದೇ ಕಾರ್ಡಿಗೆ ಮರಳಿ ಬನ್ನಿ.

ಕೆಲವು ತಿಂಗಳ ನಂತರ ಅವರು ಮತ್ತೆ ಸಿಡುಕತೊಡಗಿದರು. ಈ ಸಲ ಸಹಿ ಬೇಡದ ಕೆಲಸದಲ್ಲೂ, ಎಲ್ಲರ ಮೇಲೂ. ಒಂದೇ ಕಾರ್ಡ್ ತೆಗೆದೆ. ನೈಟ್ ಆಫ್ ಸ್ವೋರ್ಡ್ಸ್ ಬಂತು, ಗಾಳಿಗೆ ಮರ ಬಾಗಿದೆ, ಕುದುರೆ ಓಡುತ್ತಿದೆ. ಶುರುವಾದದ್ದು ಸೋಮವಾರದಿಂದ ಅಂತ ನೋಟ್‌ಬುಕ್ಕಿನಲ್ಲಿತ್ತು. ಪಕ್ಕದಲ್ಲಿ ಮನಸ್ಥಿತಿ ಅಂತ ಬರೆದು, ಆ ವಾರ ಅವರ ಮೇಜಿಗೆ ಹೋಗಲಿಲ್ಲ.