ವಾರದ ಲೆಕ್ಕ: ಮುಗಿದದ್ದು, ಬಾಕಿ, ಮುಂದಿನ ವಾರ. ನಮ್ಮ ಆಫೀಸಿನಲ್ಲಿ ನಡೆಸುವ ರೀತಿ

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಟ್ಯಾಕ್ಸ್ ಆಫೀಸು. ನಾನು, ಜೊತೆಗೆ ಇಬ್ಬರು ಹುಡುಗರು. ಜಿಎಸ್‌ಟಿ, ಟಿಡಿಎಸ್, ಪಿಎಫ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಆಗಾಗ ಬ್ಯಾಂಕ್ ಸಾಲಕ್ಕೆ ಬೇಕಾದ ಪೇಪರ್, ಇಷ್ಟೇ ಕೆಲಸ. ಆದರೆ ಪ್ರತಿಯೊಂದಕ್ಕೂ ತಾರೀಕು ಇರುತ್ತದೆ. ಪಾರ್ಟಿಗಳು ಜಾಸ್ತಿ ಆದ ಹಾಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಆಗಲ್ಲ. ಅದಕ್ಕೆ ಪ್ರತಿ ಶನಿವಾರ ಮಧ್ಯಾಹ್ನ ಊಟದ ನಂತರ ಮೂವರೂ ಒಂದು ಗಂಟೆ ಕೂತು ವಾರದ ಲೆಕ್ಕ ನೋಡುತ್ತೇವೆ. ಏನು ಮುಗಿಯಿತು, ಏನು ಬಾಕಿ ಉಳಿಯಿತು, ಮುಂದಿನ ವಾರ ಮೊದಲು ಏನು. ಇದನ್ನು ಹೇಗೆ ಮಾಡಿಕೊಂಡಿದ್ದೇವೆ ಅಂತ ಕೆಲವರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಮಾತು, ಈ ಪಟ್ಟಿಗಳನ್ನು ಶನಿವಾರ ಕೂತು ನೆನಪಿನಿಂದ ಬರೆಯಬಾರದು. ನೆನಪಿನಿಂದ ಬರೆದರೆ ಗುರುವಾರ, ಶುಕ್ರವಾರದ ಕೆಲಸ ಮಾತ್ರ ಬರುತ್ತದೆ, ಸೋಮವಾರದ್ದು ಮರೆತೇ ಹೋಗಿರುತ್ತದೆ. ಬಾಕಿ ಪಟ್ಟಿಯಲ್ಲಂತೂ ಯಾವ ಪಾರ್ಟಿ ಫೋನ್ ಮಾಡಿ ಕೂಗಾಡಿದರೋ ಅವರ ಕೆಲಸ ಮಾತ್ರ ಇರುತ್ತದೆ. ಸುಮ್ಮನಿರುವ ಪಾರ್ಟಿಯ ಕೆಲಸವೇ ನಿಜವಾಗಿ ಬಾಕಿ ಬೀಳುವುದು. ಹಾಗಾಗಿ ವಾರವಿಡೀ ಕೆಲಸ ಬಂದಾಗ ಬಂದಾಗಲೇ ಒಂದು ಗೂಗಲ್ ಶೀಟಿನಲ್ಲಿ ಸಾಲು ಹಾಕುತ್ತೇವೆ, ಶನಿವಾರ ಆ ಶೀಟೇ ಪಟ್ಟಿ ತೆಗೆದುಕೊಡುತ್ತದೆ.

ಶೀಟಿನಲ್ಲಿ Tasks ಅನ್ನುವ ಒಂದು ಟ್ಯಾಬ್. ಅದರಲ್ಲಿ ಏಳು ಕಾಲಂ: ಕೆಲಸ, ಪಾರ್ಟಿ, ಮೊದಲ ತಾರೀಕು, ಈಗಿನ ತಾರೀಕು, ಮುಗಿದ ದಿನ, ಯಾರ ಕೈಯಲ್ಲಿ, ಷರಾ. ಇದರಲ್ಲಿ ತಾರೀಕು ಎರಡು ಸಲ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇಡೀ ಪದ್ಧತಿ ನಿಂತಿರುವುದೇ ಅದರ ಮೇಲೆ. ಒಂದೇ ತಾರೀಕು ಇದ್ದರೆ ಕೆಲಸ ಆಗದಿದ್ದಾಗ ಹುಡುಗರು ಅದನ್ನೇ ಮುಂದಿನ ವಾರಕ್ಕೆ ತಿದ್ದಿಬಿಡುತ್ತಾರೆ. ಬೇಕಂತ ಅಲ್ಲ, ಅದು ಸಹಜ. ಆದರೆ ಶನಿವಾರ ನೋಡಿದರೆ ಬಾಕಿಯೇ ಇಲ್ಲ! ಮೂರು ವಾರದಿಂದ ತಳ್ಳಿಕೊಂಡು ಬಂದ ಕೆಲಸ ಹೊಸ ಕೆಲಸದ ಹಾಗೆ ಕಾಣುತ್ತದೆ. ಅದಕ್ಕೆ ನಮ್ಮಲ್ಲಿ ಮೊದಲ ತಾರೀಕನ್ನು ಯಾರೂ ಮುಟ್ಟುವ ಹಾಗಿಲ್ಲ. ಈಗಿನ ತಾರೀಕು ಸಾಲು ಹಾಕುವಾಗ ಅದೇ ಇರುತ್ತದೆ, ಬದಲಾಯಿಸುವುದಿದ್ದರೆ ಶನಿವಾರ ಎಲ್ಲರ ಎದುರಿಗೇ.

ಎರಡನೇ ಟ್ಯಾಬಿನಲ್ಲಿ B1 ಮನೆಯಲ್ಲಿ ಆ ವಾರದ ಸೋಮವಾರದ ತಾರೀಕನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ. ಇಲ್ಲಿ TODAY() ಇಂದ ಆ ವಾರದ ಸೋಮವಾರ ತೆಗೆಯುವ ಸೂತ್ರ ಹಾಕಬಹುದು, ಆದರೆ ಯಾವುದೋ ವಾರ ಶನಿವಾರ ಆಗದೆ ಸೋಮವಾರ ಕೂತರೆ ಅದು ಹೊಸ ವಾರವನ್ನು ತೋರಿಸುತ್ತದೆ. ಅದರ ಕೆಳಗೆ ಮೂರು ಸೂತ್ರ, ಮುಗಿದದ್ದು, ಬಾಕಿ, ಮುಂದಿನ ವಾರ, ಇದೇ ಕ್ರಮದಲ್ಲಿ:

```
=IFERROR(FILTER(Tasks!A2:G, Tasks!E2:E>=$B$1, Tasks!E2:E<=$B$1+6), "ಇಲ್ಲ")

=IFERROR(SORT(FILTER(Tasks!A2:G, Tasks!A2:A<>"", Tasks!E2:E="", Tasks!C2:C<=$B$1+6), 3, TRUE), "ಇಲ್ಲ")

=IFERROR(SORT(FILTER(Tasks!A2:G, Tasks!E2:E="", Tasks!D2:D>=$B$1+7, Tasks!D2:D<=$B$1+13), 4, TRUE), "ಇಲ್ಲ")
```

ಇವನ್ನು ಒಂದರ ಕೆಳಗೆ ಒಂದು ಹಾಕಬೇಡಿ. ಮೇಲಿನ ಪಟ್ಟಿ ಉದ್ದವಾದರೆ ಕೆಳಗಿನ ಸೂತ್ರ ಅಡ್ಡ ಬಂದು #REF! ಅಂತ ಬರುತ್ತದೆ. A4, I4, Q4 ಹೀಗೆ ಪಕ್ಕಪಕ್ಕದಲ್ಲಿ ಹಾಕಿದರೆ ತೊಂದರೆ ಇಲ್ಲ. ಬಾಕಿಯ ಸೂತ್ರ ಮೊದಲ ತಾರೀಕನ್ನು ನೋಡುತ್ತದೆ, ಮುಂದಿನ ವಾರದ್ದು ಈಗಿನ ತಾರೀಕನ್ನು. ಹಾಗಾಗಿ ಒಮ್ಮೆ ಬಾಕಿಯಾದ ಕೆಲಸ ಮುಗಿಯುವ ತನಕ ಬಾಕಿ ಪಟ್ಟಿಯಲ್ಲಿ ಕಾಣುತ್ತಲೇ ಇರುತ್ತದೆ, ಎಷ್ಟು ಸಲ ಮುಂದೆ ತಳ್ಳಿದರೂ. ಹಳೆಯದು ಎಲ್ಲಕ್ಕಿಂತ ಮೇಲೆ ಬರುತ್ತದೆ. ತಾರೀಕೇ ಹಾಕದ ಸಾಲುಗಳೂ ಇಲ್ಲೇ ಬರುತ್ತವೆ, ಅದು ಒಳ್ಳೆಯದೇ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಶೀಟಿನ Locale ಅಮೆರಿಕದ್ದಾಗಿದ್ದರೆ 13/8/2025 ಅಂತ ಟೈಪ್ ಮಾಡಿದಾಗ ಅದು ತಾರೀಕು ಅಂತ ತಗೊಳ್ಳಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಮುಗಿದ ದಿನದ ಕಾಲಂನಲ್ಲಿ ಹೀಗಾದರೆ ಆ ಕೆಲಸ ಮುಗಿದದ್ದರಲ್ಲೂ ಬರಲ್ಲ, ಬಾಕಿಯಲ್ಲೂ ಬರಲ್ಲ, ಎರಡರಿಂದಲೂ ಮಾಯ. ಇನ್ನೂ ಕೆಟ್ಟದ್ದು 7/8/2025. ಅದು ಆಗಸ್ಟ್ 7ರ ಬದಲು ಜುಲೈ 8 ಆಗಿಬಿಡುತ್ತದೆ, ಕಣ್ಣಿಗೆ ಏನೂ ತಪ್ಪು ಕಾಣಲ್ಲ. File > Settings ನಲ್ಲಿ Locale ಅನ್ನು India ಮಾಡಿ, ಅದೂ ಮೊದಲನೇ ಸಾಲು ಹಾಕುವ ಮುಂಚೆಯೇ. ತಾರೀಕಿನ ಮೂರೂ ಕಾಲಂಗೆ Data validation ನಲ್ಲಿ ಸರಿಯಾದ ತಾರೀಕೇ ಇರಬೇಕು ಅನ್ನುವ ನಿಯಮ ಹಾಕಿ. ನಾನು ಒಂದು ಮೂಲೆಯಲ್ಲಿ ಈ ಸೂತ್ರವನ್ನೂ ಇಟ್ಟಿದ್ದೇನೆ:

```
=COUNTA(Tasks!C2:E)-COUNT(Tasks!C2:E)
```

ಇದು ಸೊನ್ನೆ ಬರಬೇಕು. ಬರದಿದ್ದರೆ ಅಷ್ಟು ಮನೆಗಳಲ್ಲಿ ತಾರೀಕಿನ ಬದಲು ಬೇರೇನೋ ಇದೆ ಅಂತ ಅರ್ಥ. ಎಡಕ್ಕೆ ಅಂಟಿಕೊಂಡು ಕೂತಿರುವ ತಾರೀಕು ಹುಡುಕಿದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಶನಿವಾರ ನಾನು ಮೊದಲು ನೋಡುವುದೇ ಈ ಸೊನ್ನೆಯನ್ನು.

ಈಗ ಒಂದು ವಾರವನ್ನೇ ತಗೊಂಡು ಹೇಳುತ್ತೇನೆ, 2025ರ ಆಗಸ್ಟ್ 4ರಿಂದ 9. ಗುರುವಾರ 7ನೇ ತಾರೀಕು, ಟಿಡಿಎಸ್ ಕಟ್ಟುವ ದಿನ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅರ್ಧ ಆಫೀಸು ಖಾಲಿ. ಶನಿವಾರ ಕೂತಾಗ ಮುಗಿದದ್ದರ ಪಟ್ಟಿಯಲ್ಲಿ ಟಿಡಿಎಸ್ ಚಲನ್‌ಗಳೆಲ್ಲ ಇದ್ದವು. ಮುಗಿದದ್ದನ್ನು ನಾವು ಬೇಗ ದಾಟುತ್ತೇವೆ. ನೋಡುವುದು ಒಂದೇ, ಮೊದಲ ತಾರೀಕಿಗಿಂತ ಮುಗಿದ ದಿನ ಮುಂದೆ ಹೋಗಿದೆಯಾ ಅಂತ. ಟಿಡಿಎಸ್ ಒಂದು ದಿನ ತಡವಾದರೂ ತಿಂಗಳಿಗೆ ಶೇಕಡಾ 1.5 ಬಡ್ಡಿ, ತುಂಡು ದಿನಕ್ಕೂ ಇಡೀ ತಿಂಗಳ ಲೆಕ್ಕ. ಹಾಗಾಗಿ ತಡವಾಗಿ ಮುಗಿದದ್ದು ಇದ್ದರೆ ಪಾರ್ಟಿಗೆ ಬಡ್ಡಿ ವಿಷಯ ಹೇಳಿದ್ದಾಗಿದೆಯಾ ಅಂತ ಕೇಳುತ್ತೇನೆ, ಅಷ್ಟೇ.

ಬಾಕಿಯಲ್ಲಿ ಮೂರು ಇದ್ದವು. ಹೆಚ್ಚು ಹೊತ್ತು ಕೂರುವುದು ಇಲ್ಲೇ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಈಗ ಇದು ಯಾರ ಕೈಯಲ್ಲಿದೆ? ಉತ್ತರ ಇಷ್ಟರಲ್ಲೇ ಒಂದು: ನಾವು, ಪಾರ್ಟಿ, ಇಲಾಖೆ ಅಥವಾ ಬ್ಯಾಂಕು. ಯಾಕೆ ಆಗಲಿಲ್ಲ ಅಂತ ಕೇಳಿದರೆ ಹುಡುಗರು ತಮ್ಮನ್ನು ಬೈತಾ ಇದ್ದಾರೆ ಅಂದುಕೊಂಡು ಉದ್ದ ಕಥೆ ಹೇಳುತ್ತಾರೆ. ಯಾರ ಕೈಯಲ್ಲಿದೆ ಅಂದರೆ ಸೀದಾ ಉತ್ತರ ಬರುತ್ತದೆ.

ಮೊದಲನೆಯದು ಒಂದು ಹಾರ್ಡ್‌ವೇರ್ ಅಂಗಡಿಯ ಜುಲೈ ಮಾರಾಟದ ಬಿಲ್ಲು. 5ಕ್ಕೆ ಬರಬೇಕಿತ್ತು, ಬಂದಿರಲಿಲ್ಲ. "ಎರಡು ಸಲ ಫೋನ್ ಮಾಡಿದ್ದೆ ಸರ್, ನಾಳೆ ಕಳಿಸ್ತೀನಿ ಅಂದ್ರು" ಅಂತ ಹುಡುಗ ಹೇಳಿದ. ಅಂದರೆ ಪಾರ್ಟಿ ಕೈಯಲ್ಲಿ. ಮೊದಲೆಲ್ಲ ಶೀಟಿನಲ್ಲಿ ಬರೀ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್, ಅಂತ ಒಂದು ಸಾಲು ಇರುತ್ತಿತ್ತು, ತಾರೀಕು 11. ಅದು 12ನೇ ತಾರೀಕಿನ ತನಕ ಬಾಕಿ ಅಂತ ಕಾಣುವುದೇ ಇಲ್ಲ, ಕಂಡಾಗ ಮಾಡಲು ಏನೂ ಉಳಿದಿರಲ್ಲ. ಅದಕ್ಕೆ ಇಂಥ ಪಾರ್ಟಿಗಳಿಗೆ ಸಾಲನ್ನು ಎರಡು ಮಾಡಿದ್ದೇವೆ. ಬಿಲ್ಲು ತರಿಸುವುದು 5ಕ್ಕೆ, ರಿಟರ್ನ್ ಹಾಕುವುದು 11ಕ್ಕೆ. ಈಗ ಶನಿವಾರ 9ಕ್ಕೇ ಗೊತ್ತಾಯಿತು. ಆ ಕ್ಷಣವೇ ಹುಡುಗನನ್ನು ಅಂಗಡಿಗೆ ಕಳಿಸಿದೆ, ಬಿಲ್ ಪುಸ್ತಕದ ಫೋಟೋ ತೆಗೆದುಕೊಂಡು ಬಂದ. ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ ಹೀಗೆ ಎರಡು ಸಾಲು ಮಾಡಿಕೊಳ್ಳದಿದ್ದರೆ ಬಾಕಿ ಪಟ್ಟಿ ಬರೀ ಆದದ್ದನ್ನು ಹೇಳುತ್ತದೆ, ಆಗಬೇಕಾದದ್ದನ್ನು ಹೇಳಲ್ಲ.

ಎರಡನೆಯದು ಒಬ್ಬ ಮೇಷ್ಟ್ರ ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಪೇಪರ್ ಎಲ್ಲಾ ಬಂದಿತ್ತು, ನಮ್ಮ ಕೈಯಲ್ಲೇ ಇತ್ತು. ಆ ವರ್ಷ ಜುಲೈ 31ರ ಕೊನೆ ದಿನವನ್ನು ಸೆಪ್ಟೆಂಬರ್ 15ಕ್ಕೆ ಹಾಕಿದ್ದರು, ಹಾಗಾಗಿ ಪ್ರತಿ ವಾರವೂ ಇದೇ ಹಿಂದೆ ಬೀಳುತ್ತಿತ್ತು. ನಮ್ಮ ಕೈಯಲ್ಲಿದ್ದೂ ಎರಡನೇ ಸಲ ಬಾಕಿಗೆ ಬಂದ ಕೆಲಸಕ್ಕೆ ಬರೀ ತಾರೀಕು ಕೊಡಲ್ಲ, ಹೊತ್ತು ಕೊಡುತ್ತೇವೆ. ಷರಾದಲ್ಲಿ "ಮಂಗಳವಾರ 12, ಬೆಳಿಗ್ಗೆ 10ರಿಂದ 11" ಅಂತ ಬರೆದೆವು. ಹೊತ್ತು ಕೊಡಲು ಜಾಗವೇ ಇಲ್ಲ ಅಂದರೆ ಪಾರ್ಟಿಗೆ ಫೋನ್ ಮಾಡಿ ಯಾವಾಗ ಆಗುತ್ತೆ ಅಂತ ನಿಜ ಹೇಳಬೇಕು.

ಮೂರನೆಯದು ರೈಸ್ ಮಿಲ್ ಒಂದರ ಸಾಲದ ಪೇಪರ್. ಬ್ಯಾಂಕಿನಿಂದ ಒಂದು ಫಾರಂ ಬರಬೇಕಿತ್ತು. ಇದಕ್ಕೆ ನಾವು ಮಾಡುವುದು ಏನೂ ಇಲ್ಲ, ಈಗಿನ ತಾರೀಕನ್ನು ಮುಂದೆ ಹಾಕಿ, ಕೆಲಸದ ಹೆಸರನ್ನು "ಬ್ಯಾಂಕಿಗೆ ಫೋನ್" ಅಂತ ಬದಲಾಯಿಸಿದೆವು. ನಮ್ಮಿಂದ ಆಗುವುದು ಅದೇ ತಾನೇ.

ಮುಂದಿನ ವಾರದ ಪಟ್ಟಿಗೆ ಬಂದರೆ, ಮೊದಲು ತಾರೀಕು ಗಟ್ಟಿಯಾಗಿರುವವು. ಆಗಸ್ಟ್ 11 ಸೋಮವಾರ ಜಿಎಸ್‌ಟಿಆರ್-1. 15ಕ್ಕೆ ಪಿಎಫ್, ಇಎಸ್‌ಐ, ಆದರೆ ಅವತ್ತು ಸ್ವಾತಂತ್ರ್ಯ ದಿನ, ಆಫೀಸು ರಜಾ. ಆದ್ದರಿಂದ ಶೀಟಿನಲ್ಲಿ ಅವುಗಳ ಈಗಿನ ತಾರೀಕನ್ನು ಶನಿವಾರವೇ 14 ಮಾಡಿದೆವು. ರಜೆ ನೋಡುವ ಕೆಲಸವನ್ನು ಸೂತ್ರಕ್ಕೆ ಬಿಟ್ಟಿಲ್ಲ, ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡೇ ಕೂರುತ್ತೇವೆ.

ಆಮೇಲೆ ಒಬ್ಬೊಬ್ಬರಿಗೆ ಮೂರೇ ಮುಖ್ಯ ಕೆಲಸ. ಪಟ್ಟಿಯಲ್ಲಿ ಎಷ್ಟೇ ಇರಲಿ, ಬೇರೆಲ್ಲಾ ನಿಂತರೂ ಇವು ನಿಲ್ಲಬಾರದು ಅನ್ನುವ ಮೂರು. ಆರಿಸುವಾಗ ನಾನು ಎರಡನ್ನು ನೋಡುತ್ತೇನೆ. ತಡವಾದರೆ ಯಾರಿಗೆ ನಷ್ಟ, ಮತ್ತು ಬೇರೆಯವರಿಂದ ಏನಾದರೂ ಬರಬೇಕಾ. ಜಿಎಸ್‌ಟಿಆರ್-1 ತಡವಾದರೆ ನಮ್ಮ ಪಾರ್ಟಿಗಿಂತ ಅವರ ಹತ್ತಿರ ಮಾಲು ಕೊಂಡವರಿಗೆ ತೊಂದರೆ, 14ಕ್ಕೆ ಬರುವ ಕ್ರೆಡಿಟ್ ಪಟ್ಟಿ 2ಬಿಯಲ್ಲಿ, ಖರೀದಿ ಮೇಲೆ ಕಟ್ಟಿದ ತೆರಿಗೆಗೆ ಅವರಿಗೆ ಸಿಗಬೇಕಾದ ಕ್ರೆಡಿಟ್ ಕಾಣಲ್ಲ. ಅದಕ್ಕೆ ದೊಡ್ಡ ಹೋಲ್‌ಸೇಲ್ ಪಾರ್ಟಿಗಳದ್ದು ಮೊದಲು. ತೆರಿಗೆ ಕಟ್ಟುವ ರಿಟರ್ನ್ 3ಬಿ 20ಕ್ಕೆ, ಅದಿನ್ನೂ ದೂರ, ಆದರೆ ಅದಕ್ಕೆ ಬೇಕಾದ ಖರೀದಿ ಬಿಲ್ಲು ಕೇಳುವುದು ಈ ವಾರದ ಕೆಲಸ. ಬೇರೆಯವರಿಂದ ಬರಬೇಕಾದದ್ದನ್ನು ಸೋಮವಾರ ಬೆಳಿಗ್ಗೆಯೇ ಕೇಳಿಬಿಟ್ಟರೆ ನಾವು ನಮ್ಮ ಕೆಲಸ ಮಾಡುವಷ್ಟರಲ್ಲಿ ಅದು ಬರುತ್ತಿರುತ್ತದೆ.

ಎಲ್ಲಾ ಆದ ಮೇಲೆ ವಾರದ ಟ್ಯಾಬನ್ನು Duplicate ಮಾಡಿ, ಅದರಲ್ಲಿ ಎಲ್ಲವನ್ನೂ ಕಾಪಿ ಮಾಡಿ ಅದೇ ಜಾಗದಲ್ಲಿ Ctrl+Shift+V ಒತ್ತುತ್ತೇನೆ. ಆಗ ಸೂತ್ರ ಹೋಗಿ ಬರಹ ಮಾತ್ರ ಉಳಿಯುತ್ತದೆ. ಹೀಗೆ ಮಾಡದಿದ್ದರೆ ಮುಂದೆ ಕೆಲಸ ಮುಗಿದ ಹಾಗೆಲ್ಲ ಹಳೆ ವಾರದ ಬಾಕಿಯೂ ಅಳಿಸಿಹೋಗುತ್ತದೆ. ತಿಂಗಳ ಕೊನೆಯಲ್ಲಿ ಈ ನಾಲ್ಕೈದು ಟ್ಯಾಬ್ ತೆಗೆದು ಬಾಕಿಯ ಜಾಗ ಮಾತ್ರ ನೋಡುತ್ತೇನೆ. ಒಂದೇ ಪಾರ್ಟಿಯ ಹೆಸರು ಎಲ್ಲದರಲ್ಲೂ ಇದ್ದರೆ ಅವರ ಅಂಗಡಿಗೆ ನಾನೇ ಹೋಗಿ ಕೂತು ಮಾತಾಡುತ್ತೇನೆ. ಬಿಲ್ಲು ಯಾರು ಬರೆಯುತ್ತಾರೆ, ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಕಳಿಸಲು ಆಗುತ್ತಾ ಅಂತ. ಹಾರ್ಡ್‌ವೇರ್ ಅಂಗಡಿಯವರ ಮಗ ಈಗ ಪ್ರತಿ ಶುಕ್ರವಾರ ಸಂಜೆ ಬಿಲ್ಲಿನ ಫೋಟೋ ಕಳಿಸುತ್ತಾನೆ.