ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷೂ: ಕೈಬರಹವನ್ನು ಕೆಡಿಸದೆ ಟೈಪ್‌ಗೆ ತರುವುದು ಹೇಗೆ?

ಮಲ್ಪೆಯಲ್ಲಿ ಬೋಟು ನೋಡಿಕೊಳ್ಳುತ್ತಿದ್ದ ನಮ್ಮ ಮಾವನ ಲೆಕ್ಕದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ಕೂತಿದ್ದೆ. ಫೋಟೋ ತೆಗೆದು, ಅಕ್ಷರ ಓದುವ ಆ್ಯಪ್‌ಗೆ ಕೊಟ್ಟೆ. ಬಂದದ್ದು ಚೆನ್ನಾಗಿಯೇ ಕಂಡಿತು. ಆದರೆ ಎಣ್ಣೆಯ ಖರ್ಚು ನೋಡೋಣವೆಂದು `oil` ಎಂದು ಹುಡುಕಿದರೆ ಅರ್ಧ ಸಾಲುಗಳು ಸಿಗಲೇ ಇಲ್ಲ. ಮಾವ ಬರೆದದ್ದು ಹೀಗೆ:

```
೧೦ ಗಂಟೆ oil 5 ltr ಹಾಕಿದೆ, bankಗೆ ಹೋದೆ, ಇತ್ತೆ ಬಾಕಿ Rs. 300
```

ಆ್ಯಪ್ ಓದಿದ್ದು ಹೀಗೆ:

```
೧0 ಗoಟೆ ೦il 5 ltr ಹಾಕಿದೆ, bankಗೆ ಹೋದೆ, ಇತ್ತು ಬಾಕಿ Rs. 3೦೦
```

ಐದು ತಪ್ಪುಗಳಿವೆ. ಅವುಗಳಲ್ಲಿ ನಾಲ್ಕಂತೂ ಕಣ್ಣಿಗೆ ಕಾಣುವುದೇ ಕಷ್ಟ. ಕನ್ನಡದ ಸೊನ್ನೆ, ಅನುಸ್ವಾರ, ಇಂಗ್ಲಿಷಿನ ಸೊನ್ನೆ, ಇಂಗ್ಲಿಷಿನ ಓ ಅಕ್ಷರ, ನಾಲ್ಕೂ ಬರೀ ದುಂಡು. ಕೈಬರಹದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಆದರೆ ಕಂಪ್ಯೂಟರಿಗೆ ಅವು ನಾಲ್ಕು ಬೇರೆ ಬೇರೆ ಸಂಕೇತಗಳು. ಹುಡುಕಾಟ ತಪ್ಪುವುದು ಅದಕ್ಕೇ.

ಮೊದಲು ಪುಟದ ಝೆರಾಕ್ಸ್ ತೆಗೆದು, ಎರಡು ಬಣ್ಣದ ಪೆನ್ಸಿಲ್ ಹಿಡಿದುಕೊಳ್ಳಿ. ಕನ್ನಡ ಲಿಪಿಯ ಕೆಳಗೆ ಒಂದು ಬಣ್ಣ, ಇಂಗ್ಲಿಷ್ ಲಿಪಿಯ ಕೆಳಗೆ ಇನ್ನೊಂದು. ಗೆರೆ ಹಾಕುವಾಗ ನೋಡಬೇಕಾದ್ದು ಲಿಪಿಯನ್ನು, ಭಾಷೆಯನ್ನಲ್ಲ. ಮಾವ ಇನ್ನೊಂದು ಕಡೆ ‘ಆಯಿಲ್’ ಎಂದೂ ಬರೆದಿದ್ದಾರೆ, ಅದು ಕನ್ನಡದ ಬಣ್ಣಕ್ಕೇ ಸೇರುತ್ತದೆ. ಅಂಕಿಗಳೂ ಹಾಗೆಯೇ, ಯಾವ ಲಿಪಿಯಲ್ಲಿವೆಯೋ ಆ ಬಣ್ಣ. ಮೇಲಿನ ಸಾಲು ಹೀಗೆ ಆರು ತುಂಡಾಗುತ್ತದೆ. `bankಗೆ` ಎಂಬಲ್ಲಿ ಪದದ ನಡುವೆಯೇ ಬಣ್ಣ ಬದಲಾಗುತ್ತದೆ, ಹೆದರಬೇಡಿ. ನಾವೆಲ್ಲ ಬರೆಯುವುದೇ ಹಾಗಲ್ವಾ?

ಈಗ ಮೂಲ ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪ್ರತಿ ತುಂಡನ್ನೂ ಬೇರೆ ಚಿತ್ರವಾಗಿ ಕತ್ತರಿಸಿ. ಓದುವ ತಂತ್ರಾಂಶಕ್ಕೆ ತುಂಡಿನ ಲಿಪಿ ಯಾವುದೆಂದು ನೀವೇ ಹೇಳಿ. ಉಚಿತವಾಗಿ ಸಿಗುವ ಟೆಸೆರಾಕ್ಟ್‌ನಲ್ಲಿ, ಕನ್ನಡದ ಭಾಷಾ ಕಡತವನ್ನೂ ಹಾಕಿಕೊಂಡ ಮೇಲೆ, ಅದು ಹೀಗೆ:

```
tesseract tundu1.png tundu1 -l kan --psm 7
tesseract tundu2.png tundu2 -l eng --psm 7
```

ಕೊನೆಯ 7 ಎಂದರೆ ಚಿತ್ರದಲ್ಲಿ ಒಂದೇ ಸಾಲಿದೆ ಎಂದು. ಆದರೆ ಇದು ಮುಖ್ಯವಾಗಿ ಮುದ್ರಿತ ಅಕ್ಷರ ಓದಲು ಕಲಿತದ್ದು. ಬಿಡಿಬಿಡಿಯಾಗಿ ದುಂಡಗೆ ಬರೆದಿದ್ದರೆ ಏನಾದರೂ ಸಿಕ್ಕೀತು. ಕೂಡಿಸಿ ಬರೆದಿದ್ದರೆ ಸುಮ್ನೆ ಸಮಯ ಹಾಳು, ತುಂಡು ನೋಡಿಕೊಂಡು ಕೈಯಲ್ಲೇ ಟೈಪ್ ಮಾಡಿ. ನಾನು ಅರ್ಧಕ್ಕಿಂತ ಜಾಸ್ತಿ ಹಾಗೇ ಮಾಡಿದೆ. ಟೈಪ್ ಮಾಡುವಾಗ ಯೂನಿಕೋಡ್ ಕೀಲಿಮಣೆಯೇ ಇರಲಿ. ಹಳೆಯ ಕಾಲದ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕೂತಿರುತ್ತದೆ. ಇಡೀ ಸಾಲಿಗೆ ಫಾಂಟ್ ಬದಲಿಸಿದರೆ ಎರಡರಲ್ಲಿ ಒಂದು ಭಾಷೆ ಕಲಸುಮೇಲೋಗರ ಆಗುವುದು ಖಂಡಿತ.

ತುಂಡುಗಳನ್ನು ಜೋಡಿಸುವಾಗ ಮೂಲದಲ್ಲಿ ಇಲ್ಲದ ಜಾಗ ಬಿಡಬೇಡಿ. `bank` ಮತ್ತು `ಗೆ` ಅಂಟಿಕೊಂಡೇ ಇರಲಿ.

ಆಮೇಲೆ ಕಾಣದ ತಪ್ಪು ಹಿಡಿಯುವ ಕೆಲಸ. ಲಿಬ್ರೆಆಫೀಸ್ ರೈಟರ್‌ನಲ್ಲಿ `Ctrl+H` ಒತ್ತಿ, `Regular expressions` ಎಂಬಲ್ಲಿ ಗುರುತು ಹಾಕಿ, ಇವೆರಡನ್ನೂ ಒಂದೊಂದಾಗಿ ಹುಡುಕಿ:

```
[\u0C80-\u0CFF][A-Za-z]
[0-9][\u0CE6-\u0CEF]|[\u0CE6-\u0CEF][0-9]
```

ಮೊದಲನೆಯದು ಕನ್ನಡ ಅಕ್ಷರಕ್ಕೆ ಅಂಟಿಕೊಂಡು ಇಂಗ್ಲಿಷ್ ಅಕ್ಷರ ಬಂದ ಜಾಗ ತೋರಿಸುತ್ತದೆ. `ಗoಟೆ`, `೦il` ಎರಡೂ ಸಿಕ್ಕಿಬೀಳುತ್ತವೆ. `bankಗೆ` ಸಿಕ್ಕುವುದಿಲ್ಲ, ಏಕೆಂದರೆ ಅಲ್ಲಿ ಇಂಗ್ಲಿಷ್ ಮುಂದೆ, ಕನ್ನಡ ಹಿಂದೆ. ವಿಭಕ್ತಿ ಯಾವತ್ತೂ ಪದದ ಕೊನೆಗೆ ತಾನೇ ಬರುವುದು? ಎರಡನೆಯದು ಒಂದೇ ಸಂಖ್ಯೆಯಲ್ಲಿ ಎರಡು ಬಗೆಯ ಅಂಕಿ ಬೆರೆತದ್ದನ್ನು ಹಿಡಿಯುತ್ತದೆ: `೧0`, `3೦೦`. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಪುಸ್ತಕ ನೋಡಿ ಒಂದೊಂದೇ ತಿದ್ದಿ.

ಉಳಿದದ್ದು `ಇತ್ತು`. ನಮ್ಮ ಕಡೆಯವರಿಗೆ ಇದು ತುಂಬ ಮುಖ್ಯ. ಮಾವ ಬರೆದದ್ದು ತುಳುವಿನ ‘ಇತ್ತೆ’, ಅಂದರೆ ಈಗ. ಅವರ ಪ್ರಕಾರ ಬಾಕಿ ಈಗ ಇದೆ, ಆ್ಯಪ್ ಓದಿದ ಸಾಲಿನ ಪ್ರಕಾರ ಬಾಕಿ ಹಿಂದೆ ಇತ್ತು! ಕನ್ನಡ ಪದಗಳನ್ನಷ್ಟೇ ಬಲ್ಲ ತಂತ್ರಾಂಶ ತುಳುವನ್ನು ತಪ್ಪೆಂದು ತಿಳಿಯುತ್ತದೆ. ಉಡುಪಿ, ಮಂಗಳೂರಿನ ಕೈಬರಹಕ್ಕೆ ಕೂರುವಾಗ ತಾನಾಗಿ ತಿದ್ದುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿ.

ಇಷ್ಟಾದರೂ `300` ಪೂರ್ತಿಯಾಗಿ `೩೦೦` ಆಗಿದ್ದರೆ ಈ ಎರಡು ಹುಡುಕಾಟಗಳಿಗೂ ಸಿಗುವುದಿಲ್ಲ. ಅದಕ್ಕೆ ನಾನು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಪುಸ್ತಕ ನೋಡಿ ಪ್ರತಿ ಸಂಖ್ಯೆಯನ್ನೂ ‘ಕನ್ನಡ ಹತ್ತು’, ‘ಇಂಗ್ಲಿಷ್ ಮುನ್ನೂರು’ ಎಂದು ಓದಿದರು. ನಾನು ಪರದೆಯಲ್ಲಿ ಗುರುತು ಹಾಕುತ್ತಾ ಹೋದೆ.