ತಡವಾದ ಸರಕಿಗೆ ಕ್ಷಮೆ ಕೇಳುವ ಪತ್ರ

ಕಲಬುರಗಿಯ ದಾಲ್‌ಮಿಲ್ ನಡೆಸುವ ಗೆಳೆಯರೊಬ್ಬರು ತಮ್ಮ ಗಿರಾಕಿಗೆ ಹೀಗೆ ಬರೆದಿದ್ದರು: "ಮಳೆಗೆ ಲಾರಿ ಸಿಗಲಿಲ್ಲ. ನೀವೂ ಚೀಲದ ಲೇಬಲ್ ತಡವಾಗಿ ಒಪ್ಪಿದಿರಿ. ತೊಂದರೆ ಆಗಿದ್ದರೆ ಕ್ಷಮಿಸಿ."

ಆ "ಆಗಿದ್ದರೆ" ಇದೆಯಲ್ಲ, ಅದೇ ಸಿಟ್ಟು ಬರಿಸುವುದು. ಆದರೆ ಲೇಬಲ್ ಮಾತು ಸುಮ್ನೆ ನೆಪ ಅಲ್ಲ. ಒಪ್ಪಿಗೆ 2 ದಿನ ತಡವಾದರೆ ಗಡುವೂ 2 ದಿನ ಮುಂದೆ ಹೋಗುತ್ತದೆ ಎಂದು ಕರಾರಿನಲ್ಲೇ ಇತ್ತು. ಪತ್ರದಲ್ಲಿ ಅದನ್ನು ಹೇಳದೆ ಹೋದರೆ ತಡಕ್ಕೆ ಕಟ್ಟುವ ದಂಡ ದುಪ್ಪಟ್ಟು. ಹಾಗಾಗಿ ದೂರು ತೆಗೆದು ತಾರೀಖು ಉಳಿಸಿದೆವು:

"40 ಕ್ವಿಂಟಲ್ ತೊಗರಿಬೇಳೆಯಲ್ಲಿ 15 ಕ್ವಿಂಟಲ್ ತಡವಾಗಿ ತಲುಪಿಸಿದ್ದೇವೆ, ಕ್ಷಮಿಸಿ. ಮೂಲ ಗಡುವು 10ನೇ ತಾರೀಖು. ಲೇಬಲ್ ಒಪ್ಪಿಗೆ 2 ದಿನ ತಡವಾಗಿ ಬಂದದ್ದರಿಂದ ಕರಾರಿನಂತೆ ಅದು 12 ಆಯಿತು. ನಾವು ತಲುಪಿಸಿದ್ದು 14ಕ್ಕೆ. ಲಾರಿಯನ್ನು ಮೊದಲೇ ಗೊತ್ತು ಮಾಡದ್ದು ನಮ್ಮ ತಪ್ಪು. ತಡವಾದ ಸರಕಿನ ಬೆಲೆ ₹1,50,000. ದಿನಕ್ಕೆ ಅರ್ಧ ಪರ್ಸೆಂಟ್‌ನಂತೆ 2 ದಿನದ ದಂಡ ₹1,500 ಬಿಲ್ಲಿನಲ್ಲಿ ಕಳೆದಿದ್ದೇವೆ."

ಮಳೆಯ ಮಾತು ಪೂರ್ತಿ ಬಿಟ್ಟೆವು. ಮಳೆಗೆ ವಿನಾಯಿತಿ ಬೇಕಾದರೆ ಗಡುವಿನೊಳಗೆ ಬರೆದು ತಿಳಿಸಬೇಕು ಎಂದು ಕರಾರಿನಲ್ಲಿತ್ತು. ಇವರು ಬರೀ ಫೋನ್ ಮಾಡಿದ್ದರು!